ಜೂನಿಯರ್ ಡಿಸೈನರ್ ಬೇಕು ಎಂದು ಬರೆಯುವ ಮೊದಲು

ಪ್ರಶ್ನೆ: ನಮ್ಮದು ಏಳು ಜನರ ಸ್ಟಾರ್ಟ್‌ಅಪ್. ಹಲ್ಲಿನ ಕ್ಲಿನಿಕ್‌ಗಳಿಗೆ ಅಪಾಯಿಂಟ್‌ಮೆಂಟ್ ಬುಕ್ ಮಾಡುವ ಆ್ಯಪ್ ಮಾಡ್ತೀವಿ. “ಜೂನಿಯರ್ ಡಿಸೈನರ್ ಬೇಕು, 2–3 ವರ್ಷ ಅನುಭವ, ಎಲ್ಲ ಕೆಲಸಕ್ಕೂ ಸಿದ್ಧವಿರುವ ಉತ್ಸಾಹಿಗಳು, ಸಂಬಳ ಅರ್ಹತೆಗೆ ತಕ್ಕಂತೆ, ರೆಸ್ಯೂಮೆ ಕಳಿಸಿ” ಅಂತ ಹಾಕಿದ್ವಿ. 240 ಅರ್ಜಿ ಬಂತು. ಒಂಬತ್ತು ಜನರನ್ನ ಮಾತಾಡಿಸಿದ್ವಿ, ಇಬ್ಬರು ಹಿಡಿಸಿದರು, ಸಂಬಳ ಹೇಳಿದ ಮೇಲೆ ಇಬ್ಬರೂ ಬೇಡ ಅಂದರು. ನಮ್ಮಲ್ಲಿ ಈಗ ಡಿಸೈನರ್ ಯಾರೂ ಇಲ್ಲ. ಮತ್ತೆ ಬರೆಯಬೇಕು, ಹೇಗೆ ಬರೆಯೋದು?

ಉತ್ತರ: ಸಂಬಳದ ಸಾಲಿಗೆ ಆಮೇಲೆ ಬರೋಣ. ಅದಕ್ಕಿಂತ ಮೊದಲೇ ನಿಮ್ಮ ಪೋಸ್ಟ್‌ನಲ್ಲಿ ಒಂದಕ್ಕೊಂದು ಹೊಂದದ ಮಾತುಗಳಿವೆ. ಹುದ್ದೆ ಜೂನಿಯರ್, ಅನುಭವ 2–3 ವರ್ಷ, ಕೆಲಸ ಮಾತ್ರ “ಎಲ್ಲವೂ”. ಜೊತೆಗೆ ಪೋಸ್ಟ್‌ನಲ್ಲಿ ಹೇಳದೇ ಬಿಟ್ಟ ಇನ್ನೊಂದು ಸಂಗತಿ: ಬಂದವರೇ ಕಂಪನಿಯ ಏಕೈಕ ಡಿಸೈನರ್. ಇದನ್ನು ಓದಿದ ಹೊಸಬರು “ನನಗೆ ಅನುಭವ ಸಾಲದು, ಆದರೂ ಹಾಕಿ ನೋಡೋಣ” ಅಂದುಕೊಳ್ಳುತ್ತಾರೆ. ಮೂರು ವರ್ಷ ಕೆಲಸ ಮಾಡಿದವರು “ಜೂನಿಯರ್ ಅನ್ನೋದು ಹೆಸರಿಗಷ್ಟೇ, ಸಂಬಳ ನನ್ನ ಮಟ್ಟದ್ದೇ ಇರಬಹುದು” ಅಂದುಕೊಂಡು ಹಾಕುತ್ತಾರೆ. ನಿಮಗೆ ಹಿಡಿಸಿದ ಇಬ್ಬರು ಬಹುತೇಕ ಈ ಎರಡನೇ ಗುಂಪಿನವರು. ಅವರು ಸಂಬಳ ಕೇಳಿ ಹಿಂದೆ ಸರಿದದ್ದರಲ್ಲಿ ಆಶ್ಚರ್ಯವಿಲ್ಲ.

ಜೂನಿಯರ್ ಎಂದರೆ ಯಾರು ಎಂಬುದನ್ನು ಮೊದಲು ನೀವೇ ತೀರ್ಮಾನಿಸಿಕೊಳ್ಳಬೇಕು. ಇಂಥ ಸ್ಕ್ರೀನ್ ಬೇಕು, ಇದನ್ನು ಇಂಥವರು ಬಳಸುತ್ತಾರೆ, ಇಂತಿಷ್ಟು ದಿನದಲ್ಲಿ ಬೇಕು ಎಂದು ಹೇಳಿದರೆ ಅಚ್ಚುಕಟ್ಟಾಗಿ ಮಾಡಿಕೊಡಬಲ್ಲವರು, ಆದರೆ ಮಾಡಿದ್ದರಲ್ಲಿ ಏನು ತಪ್ಪಿದೆ ಎಂದು ತೋರಿಸಿಕೊಡಲು ಇನ್ನೊಬ್ಬ ಡಿಸೈನರ್ ಬೇಕಾಗುವವರು ಜೂನಿಯರ್. ನಿಮ್ಮಲ್ಲಿ ಆ “ಇನ್ನೊಬ್ಬರು” ಇಲ್ಲ. ಸ್ಥಾಪಕರು ನೋಡಿ “ಇದು ನನಗೆ ಯಾಕೋ ಸರಿ ಕಾಣ್ತಿಲ್ಲ” ಅನ್ನಬಲ್ಲರು. ಯಾಕೆ ಸರಿ ಕಾಣುತ್ತಿಲ್ಲ, ಹೇಗೆ ಸರಿಪಡಿಸಬೇಕು ಎಂದು ಹೇಳಲಾರರು. ಹಾಗೆ ಬಿಟ್ಟರೆ ಮೂರು ತಿಂಗಳಲ್ಲಿ ಏನಾಗುತ್ತದೆ ಎಂಬುದು ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ. ಆ್ಯಪ್‌ನಲ್ಲಿ ಒಂದೇ ಬಟನ್ ನಾಲ್ಕು ಅಳತೆಗಳಲ್ಲಿ ಕಾಣಿಸಿಕೊಳ್ಳುತ್ತದೆ. ಎಲ್ಲ ಸರಿಯಾಗಿ ನಡೆದಾಗಿನ ಸ್ಕ್ರೀನ್ ಮಾತ್ರ ತಯಾರಾಗಿರುತ್ತದೆ, ನೆಟ್‌ವರ್ಕ್ ಹೋದಾಗ ಏನು ತೋರಿಸಬೇಕು ಎಂಬುದನ್ನು ಡೆವಲಪರ್ ತನಗೆ ತೋಚಿದಂತೆ ಮಾಡಿರುತ್ತಾರೆ. ಕೊನೆಗೆ “ಡಿಸೈನರ್ ಚುರುಕಿಲ್ಲ” ಎಂಬ ಮಾತು ಹುಟ್ಟುತ್ತದೆ. ತಪ್ಪು ಅವರದಲ್ಲ.

ಹಾಗಾಗಿ ಪೋಸ್ಟ್ ಬರೆಯುವ ಮುಂಚೆ ಎರಡರಲ್ಲಿ ಒಂದು ದಾರಿ ಹಿಡಿಯಿರಿ. ಒಂದು, ಅನುಭವಿ ಡಿಸೈನರ್ ಒಬ್ಬರನ್ನು ಹೊರಗಿನಿಂದ ಗಂಟೆ ಲೆಕ್ಕದಲ್ಲಿ ಗೊತ್ತುಮಾಡಿಕೊಳ್ಳುವುದು. ವಾರಕ್ಕೆ ಎರಡು ಸಲ, ಸಲಕ್ಕೊಂದು ಗಂಟೆ ಜೂನಿಯರ್ ಜೊತೆ ಕೂತು ಕೆಲಸ ನೋಡಿದರೆ ಶುರುವಿಗೆ ಸಾಕು. ಅವರ ಶುಲ್ಕವೂ ಈ ಹುದ್ದೆಯ ಖರ್ಚೇ, ಸಂಬಳದ ಮಿತಿ ಹಾಕುವಾಗ ಅದನ್ನು ಮರೆಯಬೇಡಿ. ಎರಡು, ಜೂನಿಯರ್ ಎಂಬ ಮಾತನ್ನೇ ಬಿಟ್ಟು ಒಬ್ಬರೇ ನಿಭಾಯಿಸಬಲ್ಲವರನ್ನು ಅವರ ಮಟ್ಟದ ಸಂಬಳಕ್ಕೆ ಕರೆಯುವುದು. ಜೂನಿಯರ್ ಸಂಬಳಕ್ಕೆ ಒಬ್ಬರೇ ಎಲ್ಲ ನಿಭಾಯಿಸುವವರು ಬೇಕೆಂಬುದು ಮೂರನೆಯ ದಾರಿ. ನಿಮ್ಮ ಮೊದಲ ಪೋಸ್ಟ್ ಹೋದದ್ದು ಅದೇ ದಾರಿಯಲ್ಲಿ. ಇಲ್ಲಿಂದ ಮುಂದೆ ನೀವು ಮೊದಲನೆಯದನ್ನು ಆರಿಸಿದ್ದೀರಿ ಅಂದುಕೊಂಡು ಹೇಳುತ್ತೇನೆ.

ಇನ್ನು ಕೆಲಸದ ವಿವರ. ಇದನ್ನು ಬೇರೆ ಕಂಪನಿಗಳ ಪೋಸ್ಟ್ ನೋಡಿ ಬರೆಯಬೇಡಿ. ಕಳೆದ ಎಂಟು ವಾರಗಳ ಚಾಟ್, ಮೇಲ್ ತೆರೆದು “ಇದಕ್ಕೊಂದು ಡಿಸೈನ್ ಬೇಕಿತ್ತು” ಎಂದು ನಿಮ್ಮವರು ಯಾರಾದರೂ ಕೇಳಿದ ಪ್ರತಿಯೊಂದನ್ನೂ ಒಂದು ಹಾಳೆಯಲ್ಲಿ ಬರೆಯಿರಿ. ಲೆಕ್ಕಕ್ಕೆ 30 ಸಿಕ್ಕವು ಅಂದುಕೊಳ್ಳೋಣ. ಅದರಲ್ಲಿ 17 ಈಗಿರುವ ಸ್ಕ್ರೀನ್‌ಗಳ ಕೊರತೆ ತುಂಬುವಂಥವು: ಆ ದಿನ ಒಂದೂ ಅಪಾಯಿಂಟ್‌ಮೆಂಟ್ ಇಲ್ಲದಿದ್ದರೆ ಏನು ಕಾಣಬೇಕು, ತಪ್ಪು ಫೋನ್ ನಂಬರ್ ಹಾಕಿದರೆ ಏನು ಹೇಳಬೇಕು, ಅದೇ ಸ್ಕ್ರೀನ್ ಚಿಕ್ಕ ಫೋನಿನಲ್ಲಿ ಹೇಗಿರಬೇಕು. 4 ಹೊಸ ಸಣ್ಣ ಸೌಲಭ್ಯಗಳು, ಉದಾಹರಣೆಗೆ ರೋಗಿ ತಾನೇ ದಿನಾಂಕ ಬದಲಿಸಿಕೊಳ್ಳುವುದು. 7 ಸೋಶಿಯಲ್ ಮೀಡಿಯಾ ಚಿತ್ರ, ಕ್ಲಿನಿಕ್‌ನಲ್ಲಿ ಅಂಟಿಸುವ ಪೋಸ್ಟರ್ ಇತ್ಯಾದಿ. ಉಳಿದ 2 ಹೂಡಿಕೆದಾರರಿಗೆ ತೋರಿಸುವ ಸ್ಲೈಡುಗಳು.

ಈಗ ಚಿತ್ರ ತಾನೇ ಬಿಡಿಸಿಕೊಂಡಿತು. ಆ್ಯಪ್‌ನ ಕೆಲಸವೇ 21, ಅಂದರೆ ನೂರಕ್ಕೆ 70. ಪೋಸ್ಟರ್, ಸ್ಲೈಡು ಎಲ್ಲ ಸೇರಿ ನೂರಕ್ಕೆ 30. ಪೋಸ್ಟ್‌ನಲ್ಲೂ ಇದನ್ನೇ ಬರೆಯಿರಿ, ಅನುಪಾತದ ಸಮೇತ. “ಎಲ್ಲ ಕೆಲಸಕ್ಕೂ ಸಿದ್ಧವಿರಬೇಕು” ಅಂದಾಗ ಓದುವವರಿಗೆ ಹತ್ತರಲ್ಲಿ ಎಂಟು ಪಾಲು ಪೋಸ್ಟರ್ ಇರಬಹುದೆಂಬ ಅನುಮಾನ ಬರುತ್ತದೆ. ಆ್ಯಪ್ ಕೆಲಸ ಕಲಿಯಬೇಕೆಂದು ಬರುವ ಒಳ್ಳೆಯ ಹೊಸಬರು ಅಲ್ಲೇ ಹಿಂದೆ ಸರಿಯುತ್ತಾರೆ. ಅನುಪಾತ ಕಂಡರೆ ಪೋಸ್ಟರ್ ಕೆಲಸ ಇದೆ ಎಂಬುದೇ ಅವರಿಗೆ ತೊಡಕಲ್ಲ. ಲೆಕ್ಕ ಮಾಡಿದಾಗ ಉಲ್ಟಾ ಬಂದರೆ, ಅಂದರೆ 30ರಲ್ಲಿ 20 ಪೋಸ್ಟರ್‌ಗಳೇ ಆಗಿದ್ದರೆ, ನಿಮಗೆ ಬೇಕಿರುವುದು ಗ್ರಾಫಿಕ್ ಡಿಸೈನರ್. ಹುದ್ದೆಯ ಹೆಸರೇ ಬದಲಾಗಬೇಕು.

ಹೆಸರಿನ ಮಾತು ಬಂತಲ್ಲ: ಬರೀ “ಡಿಸೈನರ್” ಅಂತ ಹಾಕಬೇಡಿ. ಬಟ್ಟೆ, ಒಳಾಂಗಣ, ಲೋಗೊ ಡಿಸೈನ್ ಮಾಡುವವರೂ ಡಿಸೈನರ್‌ಗಳೇ. ನಿಮ್ಮ 240ರಲ್ಲಿ ಅಂಥವು ಎಷ್ಟಿದ್ದವು ಎಂದು ಒಮ್ಮೆ ಎಣಿಸಿ ನೋಡಿ. “ಜೂನಿಯರ್ ಪ್ರಾಡಕ್ಟ್ ಡಿಸೈನರ್ (ಮೊಬೈಲ್ ಆ್ಯಪ್)” ಎಂದರೆ ಹುಡುಕುವವರಿಗೂ ಸಿಗುತ್ತದೆ, ಬೇಡದವರೂ ದೂರ ಉಳಿಯುತ್ತಾರೆ. “ಡಿಸೈನ್ ನಿಂಜಾ”, “ಪಿಕ್ಸೆಲ್ ಮಾಂತ್ರಿಕ” ಇವೆಲ್ಲ ಬೇಡ. ಆ ಹೆಸರಲ್ಲಿ ಯಾರೂ ಕೆಲಸ ಹುಡುಕುವುದಿಲ್ಲ.

ಅರ್ಹತೆಯ ಪಟ್ಟಿ ಬರೆಯುವಾಗ ಪ್ರತಿ ಸಾಲಿಗೂ ಒಂದು ಪ್ರಶ್ನೆ ಹಾಕಿಕೊಳ್ಳಿ: ಉಳಿದೆಲ್ಲ ಚೆನ್ನಾಗಿದ್ದು ಇದೊಂದು ಇಲ್ಲದಿದ್ದರೆ ಇವರನ್ನು ವಾಪಸ್ ಕಳಿಸುತ್ತೇವಾ? ಇಲ್ಲ ಎಂದಾದರೆ ಆ ಸಾಲು ಹೊಡೆದುಹಾಕಿ. ಹೀಗೆ ಸೋಸಿದರೆ ಜೂನಿಯರ್ ಹುದ್ದೆಗೆ ಮೂರಕ್ಕಿಂತ ಹೆಚ್ಚು ಉಳಿಯುವುದು ಅಪರೂಪ. ಡಿಗ್ರಿ ಉಳಿಯುವುದಿಲ್ಲ, “ಒತ್ತಡದಲ್ಲಿ ಕೆಲಸ ಮಾಡುವ ಸಾಮರ್ಥ್ಯ” ಉಳಿಯುವುದಿಲ್ಲ, ವರ್ಷದ ಲೆಕ್ಕವೂ ಉಳಿಯುವುದಿಲ್ಲ. ವರ್ಷದ ಲೆಕ್ಕ ನೋಡಿದರೆ ಎರಡು ವರ್ಷ ಬರೀ ಬ್ಯಾನರ್ ಮಾಡಿದವರೇ ಆರು ತಿಂಗಳು ಒಂದೇ ಆ್ಯಪ್ ಮೇಲೆ ಕೂತವರಿಗಿಂತ ಮೇಲೆ ಕಾಣುತ್ತಾರೆ. ಅದರ ಬದಲು ಕಣ್ಣಿಗೆ ಕಾಣುವಂಥದ್ದನ್ನು ಕೇಳಿ: ಒಂದು ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ಮಾಡಿ ಮುಗಿಸುವಂಥ ಕನಿಷ್ಠ ಐದು ಸ್ಕ್ರೀನ್‌ಗಳ ಸರಣಿ ಮಾಡಿರಬೇಕು, ಕಾಲೇಜಿನ ಪ್ರಾಜೆಕ್ಟ್ ಆದರೂ ನಡೆಯುತ್ತದೆ. ಇದನ್ನು ಅರ್ಜಿ ನೋಡಿಯೇ ಹೌದು, ಇಲ್ಲ ಅನ್ನಬಹುದು. “ಕ್ರಿಯೇಟಿವ್ ಆಗಿ ಯೋಚಿಸಬೇಕು” ಎಂಬುದನ್ನು ಹೇಗೆ ಅಳೆಯುತ್ತೀರಿ?

ಈಗ ಸಂಬಳ. ಇಲ್ಲಿ ಅವಸರ ಬೇಡ, ಯಾಕೆಂದರೆ ಮಿತಿ ಹಾಕುವುದು ಗೊತ್ತಿದ್ದರೂ ಅದನ್ನು ತಪ್ಪಾಗಿ ಹಾಕುವವರು ಬಹಳ. ಅಂಕಿಯನ್ನು ನಿಮ್ಮ ನಾಣ್ಯದಲ್ಲಿ ನೀವು ಹಾಕಿಕೊಳ್ಳಿ. ಲೆಕ್ಕಕ್ಕೆ ಕೆಳಮಿತಿಯನ್ನು 100 ಎಂದಿಟ್ಟುಕೊಳ್ಳುತ್ತೇನೆ.

ಕೆಳಮಿತಿ ಎಂದರೆ ಹಾಗೆ ಸೋಸಿ ಉಳಿಸಿಕೊಂಡ ಅರ್ಹತೆಗಳಷ್ಟೇ ಇದ್ದು ಬೇರೇನೂ ಇಲ್ಲದವರಿಗೆ ನೀವು ಕೊಡುವ ಸಂಬಳ. ಮೇಲ್ಮಿತಿ ಎಂದರೆ ಅತಿ ಒಳ್ಳೆಯ ಜೂನಿಯರ್ ಎದುರು ಕೂತಾಗ ನಿಜವಾಗಿ ಸಹಿ ಹಾಕುವ ಸಂಬಳ. ಕನಸಿನ ಅಂಕಿಯನ್ನು ಅಲ್ಲಿ ಬರೆಯಬೇಡಿ. ಜೂನಿಯರ್ ಮಟ್ಟದಲ್ಲಿ ಇವೆರಡರ ಅಂತರ ನೂರಕ್ಕೆ 20ರಿಂದ 30 ಇದ್ದರೆ ಸಾಕು, ಅಂದರೆ 100ರಿಂದ 125 ಎಂದುಕೊಳ್ಳಿ. ಯಾಕೆ? 100ರಿಂದ 200 ಎಂದು ಬರೆದರೆ ನಿಮ್ಮ ಕಣ್ಣಿಗೆ 100 ಕಾಣುತ್ತದೆ, ಓದುವವರ ಕಣ್ಣಿಗೆ 200 ಕಾಣುತ್ತದೆ. 110 ಕೊಡುತ್ತೇವೆ ಎಂದಾಗ ಅವರಿಗೆ ಸಿಕ್ಕ ಹತ್ತಕ್ಕಿಂತ ತಪ್ಪಿದ ತೊಂಬತ್ತೇ ದೊಡ್ಡದಾಗಿ ಕಾಣುತ್ತದೆ. ಅದಕ್ಕಿಂತ ಮುಖ್ಯವಾಗಿ, 200 ಬೆಲೆಯ ಕೆಲಸ ಮತ್ತು 100 ಬೆಲೆಯ ಕೆಲಸ ಒಂದೇ ಹುದ್ದೆಯಲ್ಲ. ಅಂತರ ಅಷ್ಟು ಬಂದರೆ ಯಾರು ಬೇಕು ಎಂದು ನೀವಿನ್ನೂ ತೀರ್ಮಾನಿಸಿಲ್ಲ ಎಂದೇ ಅರ್ಥ.

ಮಿತಿಯ ಒಳಗೆ ಯಾರು ಎಲ್ಲಿ ನಿಲ್ಲುತ್ತಾರೆ ಎಂಬುದನ್ನೂ ಒಂದು ಸಾಲಿನಲ್ಲಿ ಹೇಳಿ. “ಇದೇ ಮೊದಲ ಕೆಲಸವಾದರೆ 100ರ ಹತ್ತಿರ, ಬಿಡುಗಡೆಯಾದ ಆ್ಯಪ್ ಒಂದರಲ್ಲಿ ಡೆವಲಪರ್‌ಗಳ ಜೊತೆ ಕೆಲಸ ಮಾಡಿದ್ದರೆ 125ರ ಹತ್ತಿರ.” ಈ ಒಂದು ಸಾಲು ಆಮೇಲಿನ ಚೌಕಾಸಿಯನ್ನು ಅರ್ಧಕ್ಕರ್ಧ ಕಡಿಮೆ ಮಾಡುತ್ತದೆ. ಬರುವವರಿಗೆ ತಾವೆಲ್ಲಿ ನಿಲ್ಲುತ್ತೇವೆ ಎಂದು ಮನೆಯಲ್ಲೇ ಗೊತ್ತಾಗಿರುತ್ತದೆ.

ಅಂಕಿಯ ಪಕ್ಕದಲ್ಲಿ ಇನ್ನೂ ನಾಲ್ಕು ಮಾತು ಇರಲೇಬೇಕು: ಇದು ತಿಂಗಳದ್ದೋ ವರ್ಷದ್ದೋ, ತೆರಿಗೆ ಕಳೆಯುವ ಮೊದಲೋ ಕಳೆದ ಮೇಲೋ, ಬೋನಸ್ ಇದರೊಳಗೇ ಸೇರಿದೆಯೋ, ಪ್ರೊಬೇಷನ್ ಅವಧಿಯಲ್ಲೂ ಇದೇ ಸಂಬಳವೋ. ಕೊನೆಯದನ್ನು ಮುಚ್ಚಿಟ್ಟು ಆಫರ್ ಪತ್ರದಲ್ಲಿ “ಮೊದಲ ಆರು ತಿಂಗಳು ನೂರಕ್ಕೆ 80” ಎಂದು ತೋರಿಸಿದರೆ ಒಪ್ಪಿಕೊಂಡವರೂ ಎದ್ದು ಹೋಗುತ್ತಾರೆ, ಹೋಗದಿದ್ದವರು ಮನಸ್ಸಿನಲ್ಲಿಟ್ಟುಕೊಳ್ಳುತ್ತಾರೆ. ಪ್ರೊಬೇಷನ್‌ನಲ್ಲಿ ಕಡಿಮೆ ಕೊಡುವುದಾದರೆ ಆ ಕಡಿಮೆ ಅಂಕಿಯೇ ನಿಮ್ಮ ನಿಜವಾದ ಕೆಳಮಿತಿ, ಅದನ್ನೇ ಬರೆಯಿರಿ.

ಷೇರಿನ ವಿಷಯ. ಸ್ಟಾರ್ಟ್‌ಅಪ್‌ಗಳು “ಆಕರ್ಷಕ ಸ್ಟಾಕ್ ಆಪ್ಷನ್” ಎಂದು ಬರೆದು ಬಿಡುತ್ತವೆ, ಅಂದರೆ ಕಂಪನಿಯ ಷೇರನ್ನು ಮೊದಲೇ ಗೊತ್ತುಮಾಡಿದ ಬೆಲೆಗೆ ಮುಂದೆ ಕೊಳ್ಳುವ ಹಕ್ಕು. “1,000 ಆಪ್ಷನ್” ಎಂಬ ಮಾತಿಗೆ ಕಂಪನಿಯ ಒಟ್ಟು ಷೇರು ಎಷ್ಟೆಂದು ಗೊತ್ತಾಗದೆ ಅರ್ಥವೇ ಇಲ್ಲ. ಒಟ್ಟು 1,00,000 ಇದ್ದರೆ ಅದು ನೂರಕ್ಕೆ 1, ಒಟ್ಟು 1,00,00,000 ಇದ್ದರೆ ನೂರಕ್ಕೆ 0.01. ಹಾಗಾಗಿ ಶೇಕಡಾವಾರು ಹೇಳಿ, ಎಷ್ಟು ವರ್ಷದಲ್ಲಿ ಕೈಸೇರುತ್ತದೆ ಹೇಳಿ. ನಾಲ್ಕು ವರ್ಷಕ್ಕೆ ಹಂಚಿ, ಮೊದಲ ವರ್ಷ ತುಂಬುವವರೆಗೆ ಏನೂ ಸಿಗದಂತೆ ಇಡುವುದು ಸಾಮಾನ್ಯ ಪದ್ಧತಿ. ನಿಮ್ಮದು ಹಾಗಿದ್ದರೆ ಅದನ್ನೂ ತಿಳಿಸಿ. ಇನ್ನೊಂದು ಮಾತು: ಷೇರನ್ನು ಸಂಬಳದ ಅಂಕಿಯೊಳಗೆ ಸೇರಿಸಿ ದೊಡ್ಡದು ಮಾಡಿ ತೋರಿಸಬೇಡಿ. ಮನೆ ಬಾಡಿಗೆಯನ್ನು ಆಪ್ಷನ್‌ನಲ್ಲಿ ಕಟ್ಟಲಾಗುವುದಿಲ್ಲ.

ಸಂಬಳ ಬರೆಯಲು ನಿಮ್ಮನ್ನು ತಡೆಯುತ್ತಿರುವುದು ಬಹುಶಃ ಒಳಗಿನವರ ಭಯ. ಅದು ಸುಳ್ಳು ಭಯವೇನಲ್ಲ. ಪೋಸ್ಟ್ ಹಾಕಿದ ದಿನ ಅದನ್ನು ಮೊದಲು ಓದುವವರೇ ನಿಮ್ಮ ಆರು ಸಹೋದ್ಯೋಗಿಗಳು. ಅವರಲ್ಲಿ ಯಾರಾದರೂ ಅದೇ ಮಟ್ಟದ ಕೆಲಸಕ್ಕೆ 95 ತೆಗೆದುಕೊಳ್ಳುತ್ತಿದ್ದರೆ ಪೋಸ್ಟ್ ಹೊರಬೀಳುವ ಮೊದಲೇ ಅವರೊಡನೆ ಮಾತಾಡಿ ಸರಿಪಡಿಸಿ. ಅಂಕಿ ಮುಚ್ಚಿಟ್ಟರೂ ಹೊಸಬರು ಬಂದ ಎರಡನೇ ತಿಂಗಳಲ್ಲಿ ಅದು ಊಟದ ಹೊತ್ತಿನ ಮಾತಾಗಿಯೇ ಆಗುತ್ತದೆ.

ಕಾನೂನಿನ ಕಡೆಯೂ ಸ್ವಲ್ಪ ಗಮನವಿರಲಿ, ಮನೆಯಿಂದಲೇ ಮಾಡುವ ಕೆಲಸವಾದರೆ ವಿಶೇಷವಾಗಿ, ಆಗ ಅರ್ಜಿ ಹಾಕುವವರು ಇರುವ ಕಡೆಯ ಕಾನೂನೂ ನಿಮಗೆ ತಗಲಬಹುದು. ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ 2021ರಿಂದ ಉದ್ಯೋಗದ ಪೋಸ್ಟ್‌ನಲ್ಲೇ ಸಂಬಳ ತಿಳಿಸುವುದು ಕಡ್ಡಾಯ. ಆಗ ಕೆಲವು ಕಂಪನಿಗಳು ಅಂಕಿ ಹೇಳುವ ಬದಲು “ಕೊಲೊರಾಡೊದವರು ಅರ್ಜಿ ಹಾಕುವಂತಿಲ್ಲ” ಎಂದು ಬರೆದು ನಗೆಪಾಟಲಿಗೀಡಾದವು. ಐರೋಪ್ಯ ಒಕ್ಕೂಟ 2023ರಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ ಸಂದರ್ಶನಕ್ಕೆ ಮೊದಲೇ ಸಂಬಳದ ಮಿತಿ ತಿಳಿಸಬೇಕು, ಅಭ್ಯರ್ಥಿಯ ಹಿಂದಿನ ಸಂಬಳ ಕೇಳುವಂತಿಲ್ಲ. ಸದಸ್ಯ ದೇಶಗಳು ಇದನ್ನು ತಮ್ಮ ಕಾನೂನಿಗೆ ತರಲು ಕೊಟ್ಟ ಗಡುವು 2026ರ ಜೂನ್ 7. ನಿಮ್ಮಲ್ಲಿ ಇಂಥ ನಿಯಮ ಇಲ್ಲದಿದ್ದರೂ “ಈಗಿನ ಸಂಬಳ ಎಷ್ಟು” ಎಂಬ ಪ್ರಶ್ನೆಯನ್ನು ಅರ್ಜಿಯಿಂದ ತೆಗೆಯಿರಿ. ಕೆಲಸಕ್ಕೆ ಬೆಲೆ ಕಟ್ಟಿಯಾದ ಮೇಲೆ ಆ ಉತ್ತರದಿಂದ ನಿಮಗೆ ತಿಳಿಯಬೇಕಾದ್ದು ಏನೂ ಇಲ್ಲ.

ಅರ್ಜಿ ಹೇಗೆ ಹಾಕಬೇಕು ಎಂಬ ಭಾಗವನ್ನು ಬರೆಯಬೇಕಾದ್ದು ಓದುವವರ ಸಮಯದ ಲೆಕ್ಕದಿಂದ. “ರೆಸ್ಯೂಮೆ ಕಳಿಸಿ” ಅಂದಿರಿ, 240 ಬಂತು. ಒಂದೊಂದಕ್ಕೆ ಆರು ನಿಮಿಷ ಅಂದರೂ 24 ಗಂಟೆ. ಅಷ್ಟು ಹೊತ್ತು ಏಳು ಜನರ ಕಂಪನಿಯಲ್ಲಿ ಯಾರ ಬಳಿಯೂ ಇಲ್ಲ, ಹಾಗಾಗಿ ಮೊದಲ 60 ನೋಡಿ ಉಳಿದವನ್ನು ಮೇಲೆ ಮೇಲೆ ಕಣ್ಣಾಡಿಸಿ ಸರಿಸಿರುತ್ತೀರಿ. ಅದೂ ಅಲ್ಲದೆ ಡಿಸೈನರ್‌ನ ರೆಸ್ಯೂಮೆಯಿಂದ ಡಿಸೈನ್ ಬಗ್ಗೆ ತಿಳಿಯುವುದು ಕಡಿಮೆ. ಪೂರ್ತಿ ಪೋರ್ಟ್‌ಫೋಲಿಯೊ ಕೇಳಿದರೂ ಕಷ್ಟವೇ, ಹನ್ನೆರಡು ಕೆಲಸ ಹಾಕಿರುತ್ತಾರೆ, ಯಾವುದರಿಂದ ಅಳೆಯಬೇಕೋ ತಿಳಿಯುವುದಿಲ್ಲ.

ಎರಡು ಕೆಲಸ ಕೇಳಿ, ಅಷ್ಟೇ. ಪ್ರತಿಯೊಂದಕ್ಕೂ ಮೂರು ನಾಲ್ಕು ವಾಕ್ಯ: ಯಾರಿಗಾಗಿ ಮಾಡಿದ್ದು, ಅದರಲ್ಲಿ ನಿಮ್ಮ ಪಾಲು ಏನು. ಈ “ನಿಮ್ಮ ಪಾಲು” ಬಹಳ ಮುಖ್ಯ. ಕಾಲೇಜಿನ ಪ್ರಾಜೆಕ್ಟ್‌ಗಳು ಹೆಚ್ಚಾಗಿ ನಾಲ್ಕೈದು ಜನ ಸೇರಿ ಮಾಡಿದವು, ಐವರ ಪೋರ್ಟ್‌ಫೋಲಿಯೊದಲ್ಲೂ ಅದೇ ಚಿತ್ರ ಇರುತ್ತದೆ. ಜೊತೆಗೆ ಒಂದೇ ಒಂದು ಪ್ರಶ್ನೆ: ಈ ಎರಡರಲ್ಲಿ ಒಂದನ್ನು ಇವತ್ತು ಮತ್ತೆ ಮಾಡುವುದಾದರೆ ಏನು ಬದಲಿಸುತ್ತೀರಿ, ಯಾಕೆ? 100 ಪದದೊಳಗೆ. ಜೂನಿಯರ್‌ನಲ್ಲಿ ನೀವು ಹುಡುಕುತ್ತಿರುವುದು ಕಲಿಯುವ ಗುಣವನ್ನು. “ಬಣ್ಣ ಇನ್ನೂ ಚೆನ್ನಾಗಿ ಮಾಡ್ತಿದ್ದೆ” ಎಂಬ ಉತ್ತರಕ್ಕೂ “ವಯಸ್ಸಾದವರಿಗೆ ತೋರಿಸಿದಾಗ ಮುಂದಿನ ಹಂತಕ್ಕೆ ಹೋಗುವ ಬಟನ್ ಅವರ ಕಣ್ಣಿಗೇ ಬೀಳಲಿಲ್ಲ, ಅದನ್ನು ಕೆಳಗೆ ತರುತ್ತಿದ್ದೆ” ಎಂಬ ಉತ್ತರಕ್ಕೂ ಇರುವ ದೂರವನ್ನು ಡಿಸೈನ್ ಗೊತ್ತಿಲ್ಲದ ಸ್ಥಾಪಕರೂ ಅಳೆಯಬಲ್ಲರು. ಇಷ್ಟು ಕೇಳಿದರೆ ಕಣ್ಣುಮುಚ್ಚಿ ಎಲ್ಲ ಕಡೆ ಅರ್ಜಿ ಹಾಕುವವರು ತಾವಾಗಿಯೇ ಬಿಟ್ಟುಹೋಗುತ್ತಾರೆ. ಮನಸ್ಸಿದ್ದವರಿಗೆ ಅರ್ಧ ಗಂಟೆಯ ಕೆಲಸ.

ಲಿಂಕ್‌ಗಳ ತಾಪತ್ರಯ ಒಂದಿದೆ. ಸ್ಕ್ರೀನ್ ಡಿಸೈನ್ ಮಾಡುವ ತಂತ್ರಾಂಶ ಫಿಗ್ಮಾದ ಲಿಂಕ್ ಅಥವಾ ಗೂಗಲ್ ಡ್ರೈವ್ ಲಿಂಕ್ ಕಳಿಸುವ ಅನೇಕರು ಅನುಮತಿ ಕೊಡುವುದನ್ನು ಮರೆತಿರುತ್ತಾರೆ. ತೆರೆಯದ ಲಿಂಕ್ ಕಂಡರೆ ನೀವು ಮುಂದಿನದಕ್ಕೆ ಹೋಗುತ್ತೀರಿ, ಒಳ್ಳೆಯವರೊಬ್ಬರು ಅಲ್ಲೇ ಕಳೆದುಹೋದರು. “ಲಾಗಿನ್ ಆಗದ ಬ್ರೌಸರ್ ಕಿಟಕಿಯಲ್ಲಿ ಲಿಂಕ್ ತೆರೆದು ನೋಡಿ ಕಳಿಸಿ, ಇಲ್ಲವೇ 10 ಎಂಬಿ ಒಳಗಿನ ಪಿಡಿಎಫ್ ಕಳಿಸಿ” ಎಂದು ಪೋಸ್ಟ್‌ನಲ್ಲೇ ಬರೆಯಿರಿ.

ಟೆಸ್ಟ್ ಕೊಡುವ ವಿಚಾರದಲ್ಲಿ ನನ್ನ ಅಭಿಪ್ರಾಯ ಕಟುವಾದದ್ದು. “ನಮ್ಮ ಬುಕಿಂಗ್ ಸ್ಕ್ರೀನ್ ಮರುವಿನ್ಯಾಸ ಮಾಡಿ ಕಳಿಸಿ” ಎಂದು ಅರ್ಜಿಯ ಹಂತದಲ್ಲೇ ಕೇಳುವುದು ಬಿಟ್ಟಿ ಕೆಲಸ ಮಾಡಿಸಿಕೊಂಡಂತೆ. ನಿಮಗೆ ಆ ಉದ್ದೇಶ ಇಲ್ಲದಿದ್ದರೂ ಓದುವವರು ಹಾಗೆಯೇ ತಿಳಿಯುತ್ತಾರೆ, ಬೇರೆ ಕಡೆಯೂ ಅವಕಾಶ ಇರುವವರು ಹಾಕುವುದೇ ಇಲ್ಲ. ಟೆಸ್ಟ್ ಬೇಕೆಂದರೆ ಕೊನೆಯ ಮೂವರಿಗೆ ಮಾತ್ರ ಕೊಡಿ, ನಿಮ್ಮ ಆ್ಯಪ್‌ಗೆ ಸಂಬಂಧವಿಲ್ಲದ ವಿಷಯ ಕೊಡಿ, ಎರಡು ಗಂಟೆ ಮೀರದಿರಲಿ, ಆ ಎರಡು ಗಂಟೆಗೆ ದುಡ್ಡು ಕೊಡಿ. ಹೊರಗಿನ ಅನುಭವಿ ಡಿಸೈನರ್ ಜೊತೆಯಲ್ಲೇ ಕೂತು ಮಾಡಿಸಿದರೆ ಇನ್ನೂ ಒಳ್ಳೆಯದು. ತಿದ್ದಿ ಹೇಳಿದಾಗ ಅವರು ಹೇಗೆ ತೆಗೆದುಕೊಳ್ಳುತ್ತಾರೆ ಎಂಬುದು ಮುಗಿಸಿ ಕಳಿಸಿದ ಫೈಲ್‌ನಲ್ಲಿ ಕಾಣುವುದಿಲ್ಲ.

ಇವನ್ನೆಲ್ಲ ಸೇರಿಸಿದರೆ ನಿಮ್ಮ ಪೋಸ್ಟ್ ಹೀಗಾಗುತ್ತದೆ. 100, 125 ಎಂದಿರುವಲ್ಲಿ ನಿಮ್ಮ ಅಂಕಿ ಮತ್ತು ನಾಣ್ಯ, ದಿನಾಂಕ ಮತ್ತು ವಿಳಾಸದ ಜಾಗದಲ್ಲಿ ನಿಮ್ಮವು.

ಜೂನಿಯರ್ ಪ್ರಾಡಕ್ಟ್ ಡಿಸೈನರ್ (ಮೊಬೈಲ್ ಆ್ಯಪ್)
ಪೂರ್ಣಾವಧಿ. ವಾರಕ್ಕೆ ಎರಡು ದಿನ ಕಚೇರಿ, ಮೂರು ದಿನ ಮನೆಯಿಂದ. ಸಂಬಳ ತಿಂಗಳಿಗೆ 100–125, ತೆರಿಗೆ ಕಳೆಯುವ ಮೊದಲು. ಅರ್ಜಿಗೆ ಕೊನೆಯ ದಿನ: 20ನೇ ತಾರೀಕು.

ಹಲ್ಲಿನ ಕ್ಲಿನಿಕ್‌ಗಳು ಅಪಾಯಿಂಟ್‌ಮೆಂಟ್ ನೋಡಿಕೊಳ್ಳಲು ಬಳಸುವ ಆ್ಯಪ್ ಮಾಡುತ್ತೇವೆ. ಒಟ್ಟು ಏಳು ಜನ ಇದ್ದೇವೆ. ನೀವು ನಮ್ಮ ಮೊದಲ ಪೂರ್ಣಾವಧಿ ಡಿಸೈನರ್ ಆಗುತ್ತೀರಿ. ಆದರೆ ಒಬ್ಬರೇ ಇರುವುದಿಲ್ಲ: ಅನುಭವಿ ಡಿಸೈನರ್ ಒಬ್ಬರು ವಾರಕ್ಕೆ ಎರಡು ಸಲ, ತಲಾ ಒಂದು ಗಂಟೆ, ನಿಮ್ಮ ಜೊತೆ ಕೂತು ಕೆಲಸ ನೋಡುತ್ತಾರೆ. ಏನು ಮಾಡಬೇಕು, ಯಾವುದು ಮೊದಲು ಎಂಬುದನ್ನು ಸ್ಥಾಪಕರು ಪ್ರತಿ ಸೋಮವಾರ ನಿಮ್ಮೊಡನೆ ಮಾತಾಡಿ ನಿರ್ಧರಿಸುತ್ತಾರೆ.

ಕೆಲಸದಲ್ಲಿ ನೂರಕ್ಕೆ ಸುಮಾರು 70 ಪಾಲು ಆ್ಯಪ್‌ನದು. ಮೊದಲ ತಿಂಗಳು ಈಗಿರುವ ಸ್ಕ್ರೀನ್‌ಗಳಲ್ಲಿ ಬಿಟ್ಟುಹೋದದ್ದನ್ನು ತುಂಬುತ್ತೀರಿ: ಖಾಲಿ ಪಟ್ಟಿ, ತಪ್ಪು ಮಾಹಿತಿ, ನೆಟ್‌ವರ್ಕ್ ಇಲ್ಲದಿರುವುದು. ಎರಡನೇ ತಿಂಗಳು ಬಟನ್, ಫಾರ್ಮ್, ಅಕ್ಷರದ ಅಳತೆಗಳನ್ನು ಒಂದೇ ಫಿಗ್ಮಾ ಫೈಲ್‌ಗೆ ತರುತ್ತೀರಿ. ಮೂರನೇ ತಿಂಗಳು ಒಂದು ಪೂರ್ತಿ ಸೌಲಭ್ಯ ನಿಮ್ಮದು: ರೋಗಿ ತಾನೇ ದಿನಾಂಕ ಬದಲಿಸಿಕೊಳ್ಳುವುದು. ಉಳಿದ 30 ಪಾಲು ಪೋಸ್ಟರ್, ಸೋಶಿಯಲ್ ಮೀಡಿಯಾ ಚಿತ್ರ, ಸ್ಲೈಡು. ವಿಡಿಯೊ ಎಡಿಟಿಂಗ್ ಮತ್ತು ಕೋಡ್ ಬರೆಯುವುದು ಈ ಕೆಲಸದಲ್ಲಿಲ್ಲ.

ಇರಲೇಬೇಕಾದ್ದು: ಆ್ಯಪ್ ಅಥವಾ ವೆಬ್‌ಸೈಟ್‌ಗಾಗಿ ಕನಿಷ್ಠ ಐದು ಸ್ಕ್ರೀನ್‌ಗಳ ಒಂದು ಸರಣಿ ಮಾಡಿರಬೇಕು, ಕಾಲೇಜಿನದಾದರೂ ಸರಿ. ಫಿಗ್ಮಾದಲ್ಲಿ ಬೇರೆಯವರು ತೆರೆದರೂ ಅರ್ಥವಾಗುವಂತೆ ಫೈಲ್ ಇಡಲು ಬರಬೇಕು. ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದಾಗ ಸರಳವಾಗಿ ವಿವರಿಸಲು ಬರಬೇಕು. ಡಿಗ್ರಿ ಕೇಳುವುದಿಲ್ಲ. ಉಳಿದದ್ದನ್ನು ಇಲ್ಲೇ ಕಲಿಯಬಹುದು.

ಸಂಬಳ: ಇದೇ ಮೊದಲ ಕೆಲಸವಾದರೆ 100ರ ಹತ್ತಿರ. ಬಿಡುಗಡೆಯಾದ ಆ್ಯಪ್‌ನಲ್ಲಿ ಡೆವಲಪರ್‌ಗಳ ಜೊತೆ ಕೆಲಸ ಮಾಡಿದ್ದರೆ 125ರ ಹತ್ತಿರ. ಮೂರು ತಿಂಗಳ ಪ್ರೊಬೇಷನ್‌ನಲ್ಲೂ ಇದೇ ಸಂಬಳ. ಬೋನಸ್ ಇಲ್ಲ. ಒಂದು ವರ್ಷದ ನಂತರ ಸಂಬಳ ಪರಿಶೀಲನೆ. ಸ್ಟಾಕ್ ಆಪ್ಷನ್ ಸದ್ಯಕ್ಕಿಲ್ಲ.

ಅರ್ಜಿ: jobs@example.com ಗೆ ಮೇಲ್ ಮಾಡಿ. ವಿಷಯದ ಸಾಲಿನಲ್ಲಿ “ಜೂನಿಯರ್ ಡಿಸೈನರ್ – ನಿಮ್ಮ ಹೆಸರು” ಎಂದಿರಲಿ. ಎರಡು ಕೆಲಸ ಕಳಿಸಿ (ಲಾಗಿನ್ ಇಲ್ಲದೆ ತೆರೆಯುವ ಲಿಂಕ್ ಅಥವಾ 10 ಎಂಬಿ ಒಳಗಿನ ಪಿಡಿಎಫ್). ಪ್ರತಿಯೊಂದರಲ್ಲಿ ನಿಮ್ಮ ಪಾಲು ಏನೆಂದು ಮೂರು ನಾಲ್ಕು ವಾಕ್ಯ ಬರೆಯಿರಿ. ಒಂದನ್ನು ಮತ್ತೆ ಮಾಡುವುದಾದರೆ ಏನು ಬದಲಿಸುತ್ತೀರಿ, ಯಾಕೆ ಎಂದು 100 ಪದದೊಳಗೆ ಹೇಳಿ. ಫೋಟೊ, ವಯಸ್ಸು, ಹಿಂದಿನ ಸಂಬಳ ಬೇಡ.

ಮುಂದೆ: 30ನೇ ತಾರೀಕಿನೊಳಗೆ ಎಲ್ಲರಿಗೂ ಉತ್ತರ ಬರೆಯುತ್ತೇವೆ, ಆಯ್ಕೆಯಾಗದವರಿಗೂ. ಆಯ್ದವರೊಡನೆ 30 ನಿಮಿಷದ ಫೋನ್ ಮಾತು. ಕೊನೆಯ ಮೂವರೊಡನೆ ಎರಡು ಗಂಟೆ ಜೊತೆಯಲ್ಲಿ ಕೂತು ಮಾಡುವ ಅಭ್ಯಾಸ, ಅದಕ್ಕೆ ದುಡ್ಡು ಕೊಡುತ್ತೇವೆ. ಆಮೇಲೆ ಐದು ಕೆಲಸದ ದಿನಗಳಲ್ಲಿ ತೀರ್ಮಾನ.

ಸಂಬಳ ಮೇಲಿನ ಸಾಲಿನಲ್ಲೇ ಬಂದಿರುವುದನ್ನು, ಕೆಳಗೆ ಅದರ ವಿವರ ಇರುವುದನ್ನು ಗಮನಿಸಿ. ಫೋನಿನಲ್ಲಿ ಓದುವವರು ಮೊದಲ ಪರದೆಯಲ್ಲೇ ಮುಂದೆ ಓದಬೇಕೋ ಬೇಡವೋ ಎಂದು ತೀರ್ಮಾನಿಸುತ್ತಾರೆ. “ಬೋನಸ್ ಇಲ್ಲ”, “ಆಪ್ಷನ್ ಇಲ್ಲ” ಎಂದು ಬರೆಯಲು ಕೈ ಹಿಂಜರಿಯುತ್ತದೆ, ಆದರೂ ಬರೆಯಿರಿ. ಬರೆಯದಿದ್ದರೆ ಅದು ಇದೆ ಎಂದುಕೊಂಡೇ ಬರುತ್ತಾರೆ. ಎಲ್ಲರಿಗೂ ಉತ್ತರ ಎಂಬ ಮಾತು ಕೊಡುವ ಮೊದಲು ಎರಡು ಸಾಲಿನ ಉತ್ತರವೊಂದನ್ನು ಬರೆದಿಟ್ಟುಕೊಳ್ಳಿ. ಆಗದು ಅನ್ನಿಸಿದರೆ ಆ ವಾಕ್ಯ ತೆಗೆಯಿರಿ, ಕೊಟ್ಟು ತಪ್ಪಬೇಡಿ. ಮೇಲ್ ವಿಳಾಸ ಇಬ್ಬರಾದರೂ ನೋಡುವಂಥದ್ದಾಗಿರಲಿ. ಸ್ಥಾಪಕರ ಸ್ವಂತ ಇನ್‌ಬಾಕ್ಸ್‌ನಲ್ಲಿ ಅರ್ಜಿಗಳು ಗ್ರಾಹಕರ ಮೇಲ್‌ಗಳ ಅಡಿಯಲ್ಲಿ ಹೂತುಹೋಗುತ್ತವೆ.

ಹಾಕಿದ ಮೇಲೆ ಮೊದಲ 20 ಅರ್ಜಿ ಬಂದಾಗ ನಿಂತು ನೋಡಿ. ಪೋಸ್ಟ್ ಎಲ್ಲಿ ಎಡವಿದೆ ಎಂಬುದು ಅಷ್ಟರಲ್ಲೇ ಕಾಣುತ್ತದೆ. ಅರ್ಧಕ್ಕಿಂತ ಹೆಚ್ಚು ಜನ ಎರಡು ಕೆಲಸದ ಬದಲು ರೆಸ್ಯೂಮೆ ಮಾತ್ರ ಕಳಿಸಿದ್ದರೆ ನೀವು ಪೋಸ್ಟ್ ಹಾಕಿದ ಜಾಗದಲ್ಲಿ “ಒಂದೇ ಒತ್ತಿಗೆ ಅರ್ಜಿ” ಎಂಬಂಥ ಬಟನ್ ಇರಬಹುದು, ಅದನ್ನು ಮುಚ್ಚಿಸಿ. ಲೋಗೊ, ಬ್ಯಾನರ್‌ಗಳೇ ತುಂಬಿದ್ದರೆ ಹುದ್ದೆಯ ಹೆಸರು ಎಲ್ಲೋ ಕತ್ತರಿಸಿ ಕಾಣುತ್ತಿದೆ. ಐದಾರು ವರ್ಷ ಅನುಭವದವರೇ ಹೆಚ್ಚಿದ್ದರೆ ಒಂದೋ ನಿಮ್ಮ ಮಿತಿ ಜೂನಿಯರ್ ಮಟ್ಟಕ್ಕಿಂತ ಮೇಲಿದೆ, ಇಲ್ಲವೇ “ಮೊದಲ ಡಿಸೈನರ್” ಎಂಬ ಮಾತು ಮಾತ್ರ ಅವರ ಕಣ್ಣಿಗೆ ಬಿದ್ದಿದೆ. ಆಗ ಮಾರ್ಗದರ್ಶನದ ವಾಕ್ಯವನ್ನು ಅದಕ್ಕಿಂತ ಮುಂದಕ್ಕೆ ತನ್ನಿ. ಮೂವರು ಮೇಲ್ ಮಾಡಿ ಒಂದೇ ಪ್ರಶ್ನೆ ಕೇಳಿದರೆ ಆ ಉತ್ತರ ಪೋಸ್ಟ್‌ನಲ್ಲಿ ಸೇರಬೇಕು. ಇಪ್ಪತ್ತೇ ಬರದಿದ್ದರೆ, ಅಂದರೆ ಹತ್ತು ದಿನವಾದರೂ ಐದಾರೇ ಇದ್ದರೆ, ಪದ ತಿದ್ದುತ್ತ ಕೂರಬೇಡಿ. ಒಂದೋ ಕೆಳಮಿತಿ ಕಡಿಮೆಯಾಗಿದೆ, ಇಲ್ಲವೇ ಹೊಸ ಡಿಸೈನರ್‌ಗಳು ಓದುವ ಜಾಗಕ್ಕೆ ಪೋಸ್ಟ್ ತಲುಪಿಲ್ಲ. ಡಿಸೈನ್ ಕಾಲೇಜಿನ ಅಧ್ಯಾಪಕರಿಬ್ಬರಿಗೆ ಇದೇ ಪಠ್ಯ ಕಳಿಸಿ ನೋಡಿದರೆ ಎರಡರಲ್ಲಿ ಯಾವುದು ಎಂದು ವಾರದಲ್ಲಿ ತಿಳಿಯುತ್ತದೆ.

ಹಳೆಯ 240ನ್ನು ಅಳಿಸಬೇಡಿ. ಅದರಲ್ಲಿ ಆ್ಯಪ್ ಕೆಲಸ ಮಾಡಿದ ಹೊಸಬರಿದ್ದರೆ ಅವರಿಗೆ ಹೊಸ ಪೋಸ್ಟ್ ಕಳಿಸಿ, “ಮೊದಲ ಸಲ ಸಂಬಳ ಮತ್ತು ಕೆಲಸ ಸ್ಪಷ್ಟವಾಗಿ ಬರೆದಿರಲಿಲ್ಲ, ಈಗ ಬರೆದಿದ್ದೇವೆ, ಇಷ್ಟವಿದ್ದರೆ ಮತ್ತೆ ಹಾಕಿ” ಎಂದು ಎರಡು ಸಾಲು ಸೇರಿಸಿ.